ಎಡಿಎಕ್ಸ್ 25ರ ನಿಯಮವನ್ನು ತಿರುವಿ ಹಾಕಿದಾಗ

ಬ್ರೇಕ್‌ಔಟ್‌ಗೆ, ಟ್ರೆಂಡ್‌ನ ಬಲವನ್ನು ಅಳೆಯುವ ಎಡಿಎಕ್ಸ್‌ನ ಫಿಲ್ಟರ್ ಹಾಕಿದರೆ ಟ್ರೇಡ್‌ಗಳು ಕಡಿಮೆಯಾಗುತ್ತವೆಯೇ ಹೊರತು ಲಾಭ ಹೆಚ್ಚುವುದಿಲ್ಲ ಎಂಬುದು ಡೊಂಬಿವಲಿಯ ನಮ್ಮ ಕನ್ನಡ ಗೆಳೆಯರ ವಾದವಾಗಿತ್ತು. 25ಕ್ಕಿಂತ ಮೇಲಿದ್ದರೆ ಮಾತ್ರ ಪ್ರವೇಶ ಎಂಬ ರೂಢಿಯ ನಿಯಮಕ್ಕೆ ಆ ವಾದ ಸರಿಯಾಗಿಯೇ ಒಪ್ಪುತ್ತದೆ.

ನಾನು ಪರೀಕ್ಷಿಸಿದ್ದು ನಿಫ್ಟಿ ಫ್ಯೂಚರ್ಸ್‌ನ ಸುಮಾರು ನಾಲ್ಕು ವರ್ಷಗಳ 75 ನಿಮಿಷದ ಕ್ಯಾಂಡಲ್‌ಗಳನ್ನು. ದಿನಕ್ಕೆ ಸರಿಯಾಗಿ ಐದು ಸಿಗುತ್ತವೆ. ಗಂಟೆಯ ಕ್ಯಾಂಡಲ್ ಇಟ್ಟರೆ ಕೊನೆಯಲ್ಲಿ ಉಳಿಯುವ ಹದಿನೈದು ನಿಮಿಷದ ತುಂಡು ಲೆಕ್ಕವನ್ನು ಕೆಡಿಸುತ್ತದೆ. ಹಿಂದಿನ 20 ಕ್ಯಾಂಡಲ್‌ಗಳ ಗರಿಷ್ಠ ಅಥವಾ ಕನಿಷ್ಠ ಮಟ್ಟ ಮುರಿದರೆ ಪ್ರವೇಶ. ಫಿಲ್ಟರ್ ಇಲ್ಲದೆ ಮುನ್ನೂರ ಅರವತ್ತರಷ್ಟು ಟ್ರೇಡ್‌ಗಳು ಬಂದವು. ತೆರಿಗೆ, ಬ್ರೋಕರೇಜ್, ಸ್ಲಿಪೇಜ್ ಕಳೆದು ಟ್ರೇಡ್‌ಗೆ ಸರಾಸರಿ ಒಂಬತ್ತು ಪಾಯಿಂಟ್ ಉಳಿಯಿತು. ಎಡಿಎಕ್ಸ್‌ಗೆ 20ರ ಗೆರೆ ಇಟ್ಟಾಗ ಟ್ರೇಡ್‌ಗಳು 230ರ ಸುಮಾರಿಗೆ ಇಳಿದು ಸರಾಸರಿ ಹತ್ತಾಯಿತು. 25ಕ್ಕೆ ನೂರೈವತ್ತು ಟ್ರೇಡ್, ಎಂಟು ಪಾಯಿಂಟ್. 30ರಲ್ಲಿ ಎಂಬತ್ತೇ ಟ್ರೇಡ್‌ಗಳು, ಉಳಿದದ್ದು ಏನೂ ಇಲ್ಲ ಎನ್ನಬಹುದು.

ಕಾರಣವನ್ನು ಒಂದು ಟ್ರೇಡ್‌ನಲ್ಲೇ ಕಂಡೆ. ಬೆಲೆ ಆರೇಳು ದಿನ ನೂರೈವತ್ತು ಪಾಯಿಂಟ್‌ಗಳೊಳಗೆ ಸುತ್ತಾಡಿ ಮೇಲಕ್ಕೆ ಮುರಿದಾಗ ಎಡಿಎಕ್ಸ್ 15ರ ಬಳಿ ಇತ್ತು. ಇಕ್ಕಟ್ಟಿನಿಂದ ಹೊರಬರುವ ಬೆಲೆಗೆ ಅದು ಸಹಜವೇ, ಏಕೆಂದರೆ ಎರಡೆರಡು ಸಲ ಸರಾಸರಿಗೊಳ್ಳುವ ಈ ಸೂಚಕ ಹಿಂದುಳಿದೇ ಬರುತ್ತದೆ. ಅದು 25 ದಾಟಿದ್ದು ಎರಡು ದಿನಗಳ ನಂತರ. ಅಷ್ಟರಲ್ಲಿ ನೂರೆಂಬತ್ತು ಪಾಯಿಂಟ್ ಮುಗಿದಿದ್ದರೂ ಬೆಲೆ ಹೊಸ ಗರಿಷ್ಠ ಮುಟ್ಟುತ್ತಲೇ ಇದ್ದುದರಿಂದ ಫಿಲ್ಟರ್ ಅಲ್ಲಿ ಒಳಗೆ ಬಿಟ್ಟಿತು, ಮೊದಲ ಹಿಂಜರಿತದಲ್ಲೇ ಸ್ಟಾಪ್‌ಲಾಸ್ ಹೊಡೆಯಿತು. ಆದ್ದರಿಂದ ಹಳೆಯ ಟ್ರೇಡ್ ಪಟ್ಟಿಯಿಂದ ಸಾಲುಗಳನ್ನು ಅಳಿಸಿ ನೋಡುವುದು ವ್ಯರ್ಥ. ಫಿಲ್ಟರ್ ಟ್ರೇಡ್‌ಗಳನ್ನು ತೆಗೆಯುವುದಷ್ಟೇ ಅಲ್ಲ, ತಡವಾದ ಹೊಸ ಟ್ರೇಡ್‌ಗಳನ್ನು ಹುಟ್ಟಿಸುತ್ತದೆ. ಪರೀಕ್ಷೆಯನ್ನು ಮೊದಲಿನಿಂದಲೇ ಓಡಿಸಬೇಕು.

ಹಾಗಾಗಿ ನಿಯಮವನ್ನು ತಿರುವಿದೆ. ಬ್ರೇಕ್‌ಔಟ್‌ಗೆ ಮುಂಚಿನ, ಮುಗಿದ ಕ್ಯಾಂಡಲ್‌ನ ಎಡಿಎಕ್ಸ್ 25ಕ್ಕಿಂತ ಕೆಳಗಿರಬೇಕು, ಆದರೆ ಕೆಲವು ಕ್ಯಾಂಡಲ್‌ಗಳ ಹಿಂದಿನದಕ್ಕಿಂತ ಏರಿರಬೇಕು. ಎಷ್ಟು ಕ್ಯಾಂಡಲ್ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಟ್ರೇಡ್‌ಗಳು ನೂರ ನಲವತ್ತಕ್ಕೆ ಇಳಿದವು, ಸರಾಸರಿ ಇಪ್ಪತ್ತೊಂದು ಪಾಯಿಂಟ್‌ಗೆ ಏರಿತು. ಒಟ್ಟು ಲಾಭ ಫಿಲ್ಟರ್ ಇಲ್ಲದ್ದಕ್ಕಿಂತ ಮುನ್ನೂರು ಪಾಯಿಂಟ್ ಕಡಿಮೆಯೇ, ಆದರೆ ಡ್ರಾಡೌನ್ ಹೆಚ್ಚುಕಡಿಮೆ ಅರ್ಧವಾದ್ದರಿಂದ ಅದೇ ಬಂಡವಾಳದಲ್ಲಿ ಲಾಟ್ ಹೆಚ್ಚಿಸಲು ಸಾಧ್ಯವಾಯಿತು. ಹಣ ಬಂದದ್ದು ಅಲ್ಲಿಂದ. ಎಡಿಎಕ್ಸ್‌ನ ಅವಧಿಯನ್ನು 14ರಿಂದ 8ಕ್ಕೆ ಇಳಿಸಿಯೂ ನೋಡಿದೆ. ಬೆಳಗಿನ ಒಂದೇ ಗ್ಯಾಪ್‌ಗೆ ಸೂಚಕ ಚಿಮ್ಮುತ್ತಿತ್ತು, ಬಿಟ್ಟುಬಿಟ್ಟೆ.

ಇದು ಬರೀ ಅದೃಷ್ಟ ಎಂದವರಿಗಾಗಿ, ಅದೇ ಪ್ರಮಾಣದ ಬ್ರೇಕ್‌ಔಟ್‌ಗಳನ್ನು ಮನಬಂದಂತೆ ತಿರಸ್ಕರಿಸುವ ಓಟವನ್ನು ಸಾವಿರ ಸಲ ಮಾಡಿದೆ. ನನ್ನ ಸರಾಸರಿಯನ್ನು ಮುಟ್ಟಿದ್ದು ನೂರಕ್ಕೆ ನಾಲ್ಕೈದು ಸಲ. ಅದೂ ಶೂನ್ಯವಲ್ಲ, ವರ್ಷಕ್ಕೆ ಮೂವತ್ತೈದರಷ್ಟೇ ಟ್ರೇಡ್‌ಗಳಿರುವಾಗ ಒಂದು ಇಡೀ ವರ್ಷ ನಷ್ಟದಲ್ಲಿ ಹೋದರೂ ನಿಯಮ ಕೆಟ್ಟಿದೆ ಎನ್ನಲು ಬರುವುದಿಲ್ಲ.