ಒಂದು ನೀರಿನ ಟ್ಯಾಂಕ್, ಮೂರು ಡೊಮೇನ್: ನಾನು ಇಂಟರ್ನ್‌ಶಿಪ್ ಆರಿಸಿಕೊಂಡ ಬಗೆ

ಇಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಓದುವವರಿಗೆ ಇಂಟರ್ನ್‌ಶಿಪ್ ಹೊತ್ತಿಗೆ ಒಂದು ಗೊಂದಲ ಗ್ಯಾರಂಟಿ. ಯಂತ್ರದೊಳಗಿನ ಚಿಪ್ಪಿಗೆ ಕೋಡ್ ಬರೆಯುವ ಎಂಬೆಡೆಡ್‌ಗೆ ಹೋಗಬಹುದು, ಡೇಟಾ ಕಡೆ ಹೋಗಬಹುದು, ವೆಬ್ ಡೆವಲಪ್‌ಮೆಂಟ್‌ಗೂ ಹೋಗಬಹುದು. ಎಲ್ಲದಕ್ಕೂ ಅರ್ಜಿ ಹಾಕಬಹುದು, ಯಾವುದೂ ಗಟ್ಟಿಯಾಗಿ ಗೊತ್ತಿರುವುದಿಲ್ಲ. ತುಮಕೂರಿನಲ್ಲಿ ಮೂರನೇ ವರ್ಷ ಓದುವಾಗ ನಾನೂ ಅಲ್ಲೇ ನಿಂತಿದ್ದೆ. ಕೋರ್ಸ್ ವಿಡಿಯೊ ನೋಡಿದರೆ ಮೂರೂ ಇಷ್ಟ ಆಗುತ್ತಿತ್ತು. ಅದು ಸಹಜವೇ. ವಿಡಿಯೊದಲ್ಲಿ ಎಲ್ಲವೂ ಮೊದಲ ಸಲಕ್ಕೇ ಓಡುತ್ತೆ, ಹೇಳಿಕೊಡುವವರು ಸಿಕ್ಕಿಹಾಕಿಕೊಳ್ಳುವುದೇ ಇಲ್ಲ.

ಹಾಗಾಗಿ ಮೂರನ್ನೂ ಸ್ವಲ್ಪ ಸ್ವಲ್ಪ ಮಾಡಿ ನೋಡೋಣ ಅಂತ ಹೊರಟೆ. ಒಂದು ವಿಷಯವನ್ನು ಮಾತ್ರ ಬೇಕಂತಲೇ ಬದಲಿಸಲಿಲ್ಲ. ಮೂರು ಡೊಮೇನಿಗೂ ಒಂದೇ ಸಮಸ್ಯೆ ಇಟ್ಟುಕೊಂಡೆ: ನಮ್ಮ ಮನೆ ಮೇಲಿನ 1000 ಲೀಟರ್ ಸಿಂಟೆಕ್ಸ್ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಕೆಳಗಿನಿಂದಲೇ ತಿಳಿಯಬೇಕು. ಎಂಬೆಡೆಡ್‌ಗೆ ರೋಬೊ, ಡೇಟಾಗೆ ಕ್ರಿಕೆಟ್, ವೆಬ್‌ಗೆ ಇನ್ನೇನೋ ಅಂತ ಬೇರೆ ಬೇರೆ ತಗೊಂಡರೆ, ಕೊನೆಗೆ ಹಿಡಿಸಿದ್ದು ಕ್ರಿಕೆಟ್ಟೋ ಡೇಟಾ ಕೆಲಸವೋ ಅಂತ ಬಿಡಿಸಿ ಹೇಳೋಕೆ ಆಗಲ್ಲ. ವಿಷಯ ಒಂದೇ ಆಗಿದ್ದರೆ ಬದಲಾಗುವುದು ಕೆಲಸದ ಸ್ವಭಾವ ಮಾತ್ರ. ನನಗೆ ಬೇಕಿದ್ದದ್ದು ಅದೇ.

ಇನ್ನೆರಡು ಕಟ್ಟುಪಾಡು ಹಾಕಿಕೊಂಡೆ. ಒಂದೊಂದು ಪ್ರಯೋಗಕ್ಕೂ ಎರಡು ವಾರಾಂತ್ಯ ಅಷ್ಟೇ, ಮುಗಿಯದಿದ್ದರೂ ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು, ಸಿಕ್ಕಿಹಾಕಿಕೊಂಡಾಗ ಏನು ಮಾಡಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಖುಷಿ ಆಯ್ತಾ ಇಲ್ವಾ ಅಂತ ಬರೆಯೋದು ಬೇಡ. ಓಡಿದಾಗ ಯಾವ ಕೆಲಸವಾದರೂ ಖುಷಿಯೇ. ಓಡದಿದ್ದಾಗ ಎದ್ದು ಹೋದೆನಾ, ಅಲ್ಲೇ ಕೂತೆನಾ ಅನ್ನೋದು ನಿಜ ಹೇಳುತ್ತೆ.

ಮೊದಲು ಎಂಬೆಡೆಡ್. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಕೋಡ್ ಹಾಕಿ ಓಡಿಸುವ, ವೈಫೈ ಇರುವ ಇಎಸ್‌ಪಿ32 ಅನ್ನುವ ಒಂದು ಚಿಕ್ಕ ಬೋರ್ಡು, HC-SR04 ಅನ್ನುವ ಅಲ್ಟ್ರಾಸಾನಿಕ್ ಸೆನ್ಸರು, ಒಂದಿಷ್ಟು ವೈರು, ರೆಸಿಸ್ಟರು ತಂದೆ. ಈ ಸೆನ್ಸರನ್ನು ಟ್ಯಾಂಕಿನ ಮುಚ್ಚಳದ ಒಳಗೆ ಕೆಳಮುಖವಾಗಿ ಕೂರಿಸಬೇಕು. ಅದು ಕಿವಿಗೆ ಕೇಳಿಸದ ಶಬ್ದ ಕಳಿಸುತ್ತೆ, ಶಬ್ದ ನೀರಿಗೆ ತಾಗಿ ವಾಪಸ್ ಬರುತ್ತೆ. ಎಷ್ಟು ಹೊತ್ತಿಗೆ ಬಂತು ಅನ್ನೋದರಿಂದ ದೂರ ಲೆಕ್ಕ ಹಾಕಬೇಕು. ಒಂದು ಎಚ್ಚರ ಬೇಕು. ಸೆನ್ಸರಿನ ಎಕೋ ಪಿನ್ನಿನಿಂದ 5 ವೋಲ್ಟ್ ಬರುತ್ತೆ, ಬೋರ್ಡಿನ ಪಿನ್ ತಡೆಯೋದು 3.3 ವೋಲ್ಟ್. ನಡುವೆ 1 ಕಿಲೊ ಓಮ್, 2 ಕಿಲೊ ಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿಕೊಳ್ಳಬೇಕು.

ಕೋಡಿನ ತಿರುಳು ಇಷ್ಟೇ:

```cpp
long t = pulseIn(ECHO, HIGH, 30000);
float cm = t * 0.0343 / 2;
```

ಶಬ್ದ ಒಂದು ಮೈಕ್ರೊಸೆಕೆಂಡಿಗೆ ಸುಮಾರು 0.0343 ಸೆಂಟಿಮೀಟರ್ ಹೋಗುತ್ತೆ. ಹೋಗಿ ಬರುವ ದೂರ ಆದ್ದರಿಂದ ಎರಡರಿಂದ ಭಾಗಿಸಬೇಕು. ಮೇಜಿನ ಮೇಲೆ, ಬಕೆಟ್ ನೀರಿನ ಮೇಲೆ ಸೊಗಸಾಗಿ ಓಡಿತು. ಟ್ಯಾಂಕಿಗೆ ಕೂರಿಸಿದ ಮೇಲೆ 62, 62, 61, ಆಮೇಲೆ ಇದ್ದಕ್ಕಿದ್ದಂತೆ 0, ಮತ್ತೆ 61 ಅಂತ ಬರತೊಡಗಿತು. 30000 ಮೈಕ್ರೊಸೆಕೆಂಡಿನೊಳಗೆ ಎಕೋ ಸಿಗದಿದ್ದರೆ `pulseIn` ಸೊನ್ನೆ ಕೊಡುತ್ತೆ. ಅಂದರೆ ಈ ಸೊನ್ನೆಯ ಅರ್ಥ ‘ಏನೂ ಕೇಳಿಸಲಿಲ್ಲ’ ಅಂತ. ‘ದೂರ ಸೊನ್ನೆ’ ಅಂತಲ್ಲ. ಅಷ್ಟರಲ್ಲಿ ಎರಡು ವಾರಾಂತ್ಯ ಮುಗಿದಿತ್ತು, ನಿಲ್ಲಿಸಿದೆ. ವೈರ್ ಸಡಿಲವಾಗಿದೆಯಾ ಅಂತ ಒಂದೊಂದಾಗಿ ಅಲುಗಾಡಿಸುತ್ತಾ ಮಧ್ಯಾಹ್ನದ ಬಿಸಿಲಲ್ಲಿ ಮಹಡಿ ಮೇಲೆ ಕೂತಿದ್ದೆ ಅಂತ ನೋಟ್‌ಬುಕ್ಕಿನಲ್ಲಿದೆ.

ಎರಡನೆಯದು ವೆಬ್. ಬೋರ್ಡು ವೈಫೈ ಮೂಲಕ ಕಳಿಸುವ ಅಂಕಿಯನ್ನು ಹಳೇ ಲ್ಯಾಪ್‌ಟಾಪಿನಲ್ಲಿ ಫ್ಲಾಸ್ಕ್ ಅನ್ನುವ ಪೈಥಾನ್ ವೆಬ್ ಫ್ರೇಮ್‌ವರ್ಕ್ ಹಾಕಿ ಹಿಡಿದು, ಅಮ್ಮನ ಫೋನಿನಲ್ಲಿ ತೆರೆಯುವ ಒಂದು ಪುಟ ಮಾಡಿದೆ. ಟ್ಯಾಂಕಿನ ಚಿತ್ರ, ಒಳಗೆ ನೀಲಿ ಬಣ್ಣ, ಮೇಲೆ ಶೇಕಡಾವಾರು. ಬೇಗನೇ ಆಯಿತು, ನೋಡೋಕೂ ಚೆನ್ನಾಗಿತ್ತು. ಆದರೆ ಚಿಕ್ಕ ಫೋನಿನಲ್ಲಿ ಅಂಕಿ ಚಿತ್ರದ ಹೊರಗೆ ಜಾರುತ್ತಿತ್ತು. ಅದನ್ನು ಸರಿ ಮಾಡಲು ಕೂತರೆ ಅರ್ಧ ಗಂಟೆಗೇ ಏಳುವ ಹಾಗಾಗುತ್ತಿತ್ತು. ನನ್ನ ಗೆಳತಿ ಒಬ್ಬಳಿಗೆ ಇದೇ ಕೆಲಸ ಪ್ರಾಣ. ಅವಳು ಬಂದು ಎರಡು ಸಾಲು ಬದಲಿಸಿ, ಬಣ್ಣ ಸಾಲದು ಅಂತ ಇನ್ನೂ ಒಂದು ಗಂಟೆ ಕೂತಳು. ಆ ಗಂಟೆ ನನಗೆ ತುಂಬಾ ಕಲಿಸಿತು. ಬೇಸರ ಅನ್ನೋದು ಕೆಲಸದಲ್ಲಿ ಇರಲಿಲ್ಲ. ಅವಳಿಗೂ ನನಗೂ ಹಿಡಿತ ಬೇರೆ ಬೇರೆ, ಅಷ್ಟೇ.

ಆಗಲೇ ಅಮ್ಮ ಹೇಳಿದ್ದು: ‘ಮೋಟರ್ ಹಾಕಿದ ತಕ್ಷಣ ಟ್ಯಾಂಕ್ ತುಂಬ್ತು ಅಂತ ತೋರಿಸುತ್ತೆ ಕಣೇ, ನಾನು ಆಫ್ ಮಾಡಿಬಿಡ್ತೀನಿ.’ ಸೊನ್ನೆ ದೂರ ಅಂದರೆ ನೀರು ಸೆನ್ಸರಿನವರೆಗೆ ಬಂದಿದೆ ಅಂತ ಪುಟ ಲೆಕ್ಕ ಹಾಕುತ್ತಿತ್ತು. ಸೊನ್ನೆ ಬಂದಾಗ ಹಳೇ ಅಂಕಿಯನ್ನೇ ತೋರಿಸು ಅಂತ ಕೋಡ್ ಬದಲಿಸಿದರೆ ವೆಬ್ ಮಟ್ಟಿಗೆ ಸಮಸ್ಯೆ ಮುಗಿಯಿತು. ನನ್ನ ಮನಸ್ಸು ಮಾತ್ರ ‘ಮೋಟರ್ ಹಾಕಿದ ತಕ್ಷಣ’ ಅನ್ನೋ ಮಾತಿನ ಮೇಲೇ ನಿಂತಿತು.

ಮೂರನೆಯದು ಡೇಟಾ. ನಿಮಿಷಕ್ಕೊಂದರಂತೆ ಅಂಕಿಗಳನ್ನು ಸಿಎಸ್‌ವಿ ಫೈಲಿಗೆ ಬರೆಸಿದೆ. ದಿನಕ್ಕೆ ಎಷ್ಟು ನೀರು ಖರ್ಚಾಗುತ್ತೆ, ನಾಳೆ ಎಷ್ಟು ಹೊತ್ತಿಗೆ ಟ್ಯಾಂಕ್ ಖಾಲಿಯಾಗುತ್ತೆ ಅಂತ ಹೇಳುವುದು ಗುರಿ. ಕರೆಂಟ್ ಹೋದಾಗ ಸಾಲುಗಳೇ ಇಲ್ಲ, ಮೋಟರ್ ಓಡುವಾಗ ಖರ್ಚೂ ಭರ್ತಿಯೂ ಒಟ್ಟಿಗೇ ನಡೆಯುತ್ತೆ. ಡೇಟಾ ಕೆಲಸದ ಬಹುಪಾಲು ಹೀಗೆ ಸಾಲು ಶುದ್ಧ ಮಾಡುವುದರಲ್ಲೇ ಹೋಗುತ್ತೆ ಅನ್ನೋದು ಕೈಯಾರೆ ಗೊತ್ತಾಯಿತು. ಸೊನ್ನೆಗಳನ್ನು ತೆಗೆದು ಮುಂದೆ ಹೋಗಬೇಕಿತ್ತು. ನಾನು ಅವುಗಳನ್ನೇ ಎಣಿಸಲು ಕೂತೆ:

```python
z = df[df["cm"] == 0]
print(z["time"].dt.hour.value_counts())
```

ಬಂದ ಪಟ್ಟಿಯಲ್ಲಿ ಬೆಳಗ್ಗೆ ಆರು, ಏಳರ ಗಂಟೆಗಳೇ ಮೇಲೆ. ನಮ್ಮ ಮನೆಯಲ್ಲಿ ಮೋಟರ್ ಹಾಕುವ ಹೊತ್ತು ಅದು. ಅಮ್ಮ ಹೇಳಿದ್ದು ಅಂಕಿಯಲ್ಲೂ ಕಂಡಿತು. ನಾಳೆ ಟ್ಯಾಂಕ್ ಯಾವಾಗ ಖಾಲಿಯಾಗುತ್ತೆ ಅನ್ನೋ ಭಾಗ ಅರ್ಧಕ್ಕೇ ನಿಂತಿತು. ಅದನ್ನು ಮುಗಿಸಬೇಕು ಅಂತ ಅನ್ನಿಸಲೂ ಇಲ್ಲ.

ಈಗ ಎರಡು ಸಂಶಯ. ಮೋಟರ್ ಚಾಲೂ ಆದಾಗ ಮನೆಯ ವೋಲ್ಟೇಜ್ ಕುಸಿದು ಸೆನ್ಸರ್ ತಪ್ಪುತ್ತಿರಬಹುದು. ಇಲ್ಲವೇ ಮೇಲಿನಿಂದ ಬೀಳುವ ನೀರು ಟ್ಯಾಂಕಿನೊಳಗೆ ಅಲೆ ಎಬ್ಬಿಸಿ, ಶಬ್ದ ನೇರ ವಾಪಸ್ ಬರದೆ ಅಕ್ಕಪಕ್ಕ ಚೆದುರುತ್ತಿರಬಹುದು. ಎರಡೂ ಒಂದೇ ಹೊತ್ತಿಗೆ ನಡೆಯೋದರಿಂದ ಅಂಕಿ ನೋಡಿ ಬಿಡಿಸೋಕಾಗಲ್ಲ. ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬೇಕು. ಬೋರ್ಡಿಗೆ ಪವರ್ ಬ್ಯಾಂಕಿನಿಂದ ಕರೆಂಟ್ ಕೊಟ್ಟು ಮೋಟರ್ ಹಾಕಿದೆ. ಸೊನ್ನೆಗಳು ಬಂದೇ ಬಂದವು. ಅಲ್ಲಿಗೆ ವೋಲ್ಟೇಜ್ ಕುಸಿತದ ಮಾತು ಬಿದ್ದುಹೋಯಿತು. ಆಮೇಲೆ ಮತ್ತೆ ಮನೆಯ ಕರೆಂಟಿಗೇ ಹಾಕಿ, ನೀರು ಬೀಳುವ ಬಾಯಿಗೆ ಒಂದು ತುಂಡು ಹೋಸ್ ಪೈಪ್ ಸಿಕ್ಕಿಸಿ, ತುದಿಯನ್ನು ನೀರಿನೊಳಗೆ ಮುಳುಗಿಸಿದೆ. ನೀರಿನ ಮೇಲ್ಮೈ ಶಾಂತವಾಯಿತು, ಸೊನ್ನೆ ನಿಂತಿತು. ಪೈಪನ್ನು ಹಾಗೇ ಬಿಡಬಾರದು. ಮೋಟರ್ ನಿಂತ ಮೇಲೆ ನೀರು ಅದೇ ದಾರಿಯಲ್ಲಿ ಸಂಪಿಗೆ ವಾಪಸ್ ಇಳಿಯುವ ಸಾಧ್ಯತೆ ಇರುತ್ತೆ. ಪರೀಕ್ಷೆ ಆದ ಮೇಲೆ ಪೈಪ್ ತೆಗೆದು, ಸೆನ್ಸರನ್ನು ನೀರು ಬೀಳುವ ಜಾಗದಿಂದ ಆಚೆ ಬದಿಗೆ ಸರಿಸಿದೆ. ಸೊನ್ನೆ ಅಪರೂಪವಾಯಿತು. ಉಳಿದ ಒಂದೆರಡಕ್ಕೆ ಐದು ಸಲ ಅಳೆದು ನಡುವಿನ ಬೆಲೆ ತೆಗೆದುಕೊಂಡರೆ ಸಾಕಾಗುತ್ತಿತ್ತು.

ನೋಟ್‌ಬುಕ್ ತೆರೆದು ನೋಡಿದರೆ ಮೂರೂ ಪ್ರಯೋಗದಲ್ಲಿ ನಾನು ನಿಗದಿ ಮಾಡಿದ ಸಮಯಕ್ಕಿಂತ ಜಾಸ್ತಿ ಕೂತದ್ದು ಒಂದೇ ಕಡೆ: ಈ ಅಂಕಿಯನ್ನು ನಂಬಬಹುದಾ, ಇಲ್ಲ ಅಂದರೆ ಯಾಕೆ. ಎಂಬೆಡೆಡ್‌ನಲ್ಲಿ ಹೊಸದಾಗಿ ಕಟ್ಟುವುದಕ್ಕಿಂತ, ಕಟ್ಟಿದ್ದು ಎಲ್ಲಿ ಸುಳ್ಳು ಹೇಳುತ್ತೆ ಅಂತ ಹುಡುಕುವುದು ನನ್ನನ್ನು ಹಿಡಿದು ಕೂರಿಸಿತ್ತು. ನನ್ನ ಪಟ್ಟಿಯಲ್ಲಿ ಇಂಥದೊಂದು ಡೊಮೇನೇ ಇರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಕಾಲೇಜಿನ ಸೀನಿಯರ್ ಅಕ್ಕ ಒಬ್ಬರಿಗೆ ಫೋನ್ ಮಾಡಿದೆ. ‘ಅಕ್ಕ, ನಿಮ್ಮ ಕೆಲಸ ಹೇಗಿದೆ’ ಅಂತ ಕೇಳಲಿಲ್ಲ. ‘ಕಳೆದ ಮಂಗಳವಾರ ಬೆಳಗಿಂದ ಸಂಜೆವರೆಗೆ ಏನು ಮಾಡಿದ್ರಿ ಹೇಳಿ’ ಅಂದೆ. ಅವರದು ವಾಹನಗಳ ಇಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್‌ಗಳ ಟೆಸ್ಟಿಂಗ್. ಬೆಳಿಗ್ಗೆ ಲಾಗ್ ಓದಿದ್ದು, ಮಧ್ಯಾಹ್ನ ಬೆಂಚಿನ ಮೇಲೆ ಅದೇ ತಪ್ಪನ್ನು ಮತ್ತೆ ಬರಿಸಲು ನೋಡಿದ್ದು, ಸಂಜೆ ವರದಿ ಬರೆದದ್ದು. ಕೇಳುತ್ತಲೇ ನನ್ನ ಟ್ಯಾಂಕ್ ಕೆಲಸವೇ ಅನ್ನಿಸಿತು. ‘ವ್ಯಾಲಿಡೇಶನ್ ಅಂತ ಹುಡುಕು, ಇಂಟರ್ನ್ ತಗೋತಾರೆ’ ಅಂದರು.

ಮನೆಯಲ್ಲಿ ಒಬ್ಬಳೇ ಮಾಡುವ ಇಂಥ ಪ್ರಯೋಗಕ್ಕೆ ಒಂದು ದೊಡ್ಡ ಮಿತಿ ಇದೆ. ಕಂಪನಿಯಲ್ಲಿ ಬಹುತೇಕ ದಿನ ಬೇರೆಯವರು ಬರೆದ ಕೋಡ್ ಓದಬೇಕು. ಅದರ ರುಚಿ ಇಲ್ಲಿ ಸಿಗಲ್ಲ. ಅದಕ್ಕೇ ಅರ್ಜಿ ಹಾಕುವ ಮೊದಲು, ಇದೇ ಸೆನ್ಸರಿಗೆ ಇರುವ `NewPing` ಅನ್ನುವ ಆರ್ಡುಯಿನೊ ಲೈಬ್ರರಿಯ ಕೋಡ್ ಓದಿದೆ. ಅದರಲ್ಲಿ ಸೊನ್ನೆಗೆ `NO_ECHO` ಅಂತ ಹೆಸರೇ ಕೊಟ್ಟಿದ್ದಾರೆ. `ping_median` ಅನ್ನುವ ಫಂಕ್ಷನ್ ಸಿಗ್ನಲ್ ಬಾರದ ಅಳತೆಗಳನ್ನು ಬಿಟ್ಟು ಉಳಿದವುಗಳ ನಡುವಿನ ಬೆಲೆ ಕೊಡುತ್ತೆ. ಬೇರೆಯವರ ಕೋಡ್ ಓದುವಾಗಲೂ ಎದ್ದು ಹೋಗಬೇಕು ಅನ್ನಿಸಲಿಲ್ಲ. ಇದನ್ನೂ ಬರೆದಿಟ್ಟೆ.

ಅರ್ಜಿ ಹಾಕುವಾಗ ರೆಸ್ಯೂಮೆಯಲ್ಲಿ ‘ಸ್ಮಾರ್ಟ್ ವಾಟರ್ ಟ್ಯಾಂಕ್’ ಅಂತ ಹಾಕಲಿಲ್ಲ. ಆ ಹೆಸರಿನ ಪ್ರಾಜೆಕ್ಟ್ ಎಲ್ಲರ ಹತ್ತಿರವೂ ಇರುತ್ತೆ. ಮೋಟರ್ ಓಡುವಾಗ ಬರುವ ಸುಳ್ಳು ಅಳತೆಯ ಕಾರಣವನ್ನು ಬೇರ್ಪಡಿಸಿದ್ದು ಹೇಗೆ ಅಂತ ಎರಡು ಸಾಲು ಬರೆದೆ. ಸರ್ಟಿಫಿಕೇಟ್‌ಗೆ ದುಡ್ಡು ಕೇಳಿದ ಜಾಗಗಳನ್ನು ಬಿಟ್ಟೆ. ಉಳಿದ ಕಡೆ ‘ಇಂಟರ್ನ್ ಮಾಡಿದ ಕೆಲಸವನ್ನು ಯಾರು ನೋಡ್ತಾರೆ?’ ಅಂತ ಕೇಳಿದೆ. ಸ್ಪಷ್ಟ ಉತ್ತರ ಕೊಟ್ಟ ಕಡೆಗಳಿಗಷ್ಟೇ ಮುಂದುವರಿದೆ.

ಸಂದರ್ಶನದಲ್ಲಿ ಆ ಎರಡು ಸಾಲಿನ ಮೇಲೇ ಬಹಳ ಹೊತ್ತು ಮಾತಾಯಿತು. ‘ಪವರ್ ಬ್ಯಾಂಕ್ ಹಾಕಿದಾಗ ಸೊನ್ನೆ ನಿಂತುಬಿಟ್ಟಿದ್ದರೆ ಮುಂದೇನು ಮಾಡ್ತಿದ್ರಿ?’ ಅಂತ ಕೇಳಿದರು. ಮೋಟರ್ ಚಾಲೂ ಮಾಡುವ ಕ್ಷಣದಲ್ಲಿ ಬೋರ್ಡಿನ 5 ವೋಲ್ಟ್ ಪಿನ್ನಿನಲ್ಲಿ ಎಷ್ಟಿದೆ ಅಂತ ಕಾಲೇಜು ಲ್ಯಾಬಿನ ಆಸಿಲೊಸ್ಕೋಪ್ ಇಟ್ಟು ನೋಡುತ್ತಿದ್ದೆ, ಮಲ್ಟಿಮೀಟರಿಗೆ ಅಷ್ಟು ಕಡಿಮೆ ಹೊತ್ತಿನ ಕುಸಿತ ಕಾಣಲ್ಲ ಅಂದೆ. ಈಗ ಅದೇ ಕಂಪನಿಯ ವ್ಯಾಲಿಡೇಶನ್ ತಂಡದಲ್ಲಿ ಇಂಟರ್ನ್ ಆಗಿದ್ದೇನೆ.