ಸ್ಟೀಮ್ ಖಾತೆ ಕೈತಪ್ಪಿದಾಗ ಮೊದಲು ತೆರೆದದ್ದು ಜಿಮೇಲ್

ಮಂಡ್ಯದಲ್ಲಿ ಓದುತ್ತಿರುವ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡಿದು ಮೈಸೂರಿನ ನಮ್ಮ ಮನೆಗೆ ಬಂದ. ಕಂಪ್ಯೂಟರ್ ಗೇಮ್ ಕೊಂಡು ಆಡುವ ತಾಣ ಸ್ಟೀಮ್ ಅವನ ಪಾಸ್‌ವರ್ಡ್ ಒಪ್ಪುತ್ತಿರಲಿಲ್ಲ. "ಮಾವ, ಒಂದು ಮೇಲ್ ಕೂಡ ಬಂದಿಲ್ಲ" ಅಂದ. ನನಗೆ ಅನುಮಾನ ಬಂದದ್ದೇ ಅಲ್ಲಿ. ಪಾಸ್‌ವರ್ಡ್ ಬದಲಾದರೆ ಸ್ಟೀಮ್ ಮೇಲ್ ಕಳಿಸಿಯೇ ಕಳಿಸುತ್ತದೆ.

ಹಾಗಾಗಿ ಸ್ಟೀಮ್ ಬಿಟ್ಟು ಮೊದಲು ಜಿಮೇಲ್ ಸೆಟ್ಟಿಂಗ್ಸ್ ತೆರೆದೆ. Filters and Blocked Addresses ಒಳಗೆ ಅವನು ಮಾಡದ ಒಂದು ಫಿಲ್ಟರ್ ಇತ್ತು: ಸ್ಟೀಮ್‌ನಿಂದ ಬಂದ ಮೇಲ್‌ಗಳೆಲ್ಲ ನೇರ ಕಸದಬುಟ್ಟಿಗೆ. ಗೆಳೆಯನ ಹೆಸರಲ್ಲಿ ಬಂದ "ನಮ್ಮ ಟೀಮಿಗೆ ವೋಟ್ ಹಾಕು" ಲಿಂಕಿನಲ್ಲಿ ಅವನು ಲಾಗಿನ್ ಆಗಿದ್ದ. ಸ್ಟೀಮ್‌ಗೂ ಜಿಮೇಲ್‌ಗೂ ಒಂದೇ ಪಾಸ್‌ವರ್ಡ್. ಲಾಗಿನ್ ಆಗುವಾಗ ಸ್ಟೀಮ್ ಕೇಳುವ ಸ್ಟೀಮ್ ಗಾರ್ಡ್ ಕೋಡ್ ಬರುತ್ತಿದ್ದದ್ದೂ ಅದೇ ಮೇಲ್‌ಗೆ, ಅಂದರೆ ಕಳ್ಳನಿಗೇ.

ಫಿಲ್ಟರ್ ಅಳಿಸಿ, ಫಾರ್ವರ್ಡಿಂಗ್ ನೋಡಿ, ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಅದಕ್ಕೂ ಎರಡು ಹಂತದ ಪರಿಶೀಲನೆ ಹಾಕಿದೆವು. ಆಮೇಲಷ್ಟೇ help.steampowered.com. ಖಾತೆಯ ಇಮೇಲ್ ವಿಳಾಸವನ್ನು ಕಳ್ಳ ಇನ್ನೂ ಮುಟ್ಟಿರಲಿಲ್ಲವಾದ್ದರಿಂದ ಕೋಡ್ ನಮಗೇ ಬಂತು, ಹೊಸ ಪಾಸ್‌ವರ್ಡ್ ಸಿಕ್ಕಿತು. ಅದೂ ಬದಲಾಗಿದ್ದರೆ, ಹಿಂದೆ ಗೇಮ್ ಕೊಂಡಾಗ ದುಡ್ಡು ಕಟ್ಟಿದ ವಿವರ ತೋರಿಸಿ ಖಾತೆ ತನ್ನದೇ ಎಂದು ಸಾಬೀತು ಮಾಡಬೇಕಿತ್ತು. ಹಳೆಯ ಬಿಲ್ ಮೇಲ್‌ಗಳನ್ನು ಅಳಿಸಬಾರದು ಅನ್ನುವುದು ಇದಕ್ಕೇ.

ಹುಡುಗ ಎದ್ದು ಹೊರಟ. ಕೂರಿಸಿದೆ. ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಿ, steamcommunity.com/dev/apikey ತೆರೆದೆವು. ಬೇರೆ ಪ್ರೋಗ್ರಾಂಗಳು ಖಾತೆಯನ್ನು ಬಳಸಲು ಬೇಕಾದ ಗುಪ್ತ ಕೀ ಅಲ್ಲಿ ಇರುತ್ತದೆ, ಸಾಮಾನ್ಯ ಆಟಗಾರನಿಗೆ ಅದರ ಅಗತ್ಯವೇ ಇಲ್ಲ. ಇವನಲ್ಲಿ ಇತ್ತು! ಆ ಕೀ ಉಳಿದರೆ ಕಳ್ಳನ ಪ್ರೋಗ್ರಾಂ ಟ್ರೇಡ್‌ಗಳನ್ನು, ಅಂದರೆ ಆಟದ ವಸ್ತುಗಳ ಕೊಡು-ಕೊಳ್ಳುವಿಕೆಯನ್ನು, ಕಾಯುತ್ತಲೇ ಇರುತ್ತದೆ. ಗೆಳೆಯನಿಗೆ ಆಟದ ಆಯುಧದ ಬಣ್ಣದ ಹೊದಿಕೆಯಂಥ ಸ್ಕಿನ್ ಕಳಿಸಿದ ಕೂಡಲೇ ಆ ಟ್ರೇಡ್ ರದ್ದುಮಾಡಿ, ಅದೇ ಹೆಸರು, ಅದೇ ಚಿತ್ರದ ನಕಲಿ ಖಾತೆಯಿಂದ ಇನ್ನೊಂದನ್ನು ಕಳಿಸುತ್ತದೆ. ನಾವೇ ಫೋನಿನಲ್ಲಿ ಒಪ್ಪಿಗೆ ಒತ್ತಿಬಿಡುತ್ತೇವೆ. ಕೀ ರದ್ದು ಮಾಡಿದೆವು.

ಕೊನೆಗೆ ಸ್ಟೀಮ್ ಮೊಬೈಲ್ ಆ್ಯಪ್‌ನಲ್ಲಿ ಅಥೆಂಟಿಕೇಟರ್. ಇದರ ಐದಕ್ಷರದ ಕೋಡ್ 30 ಸೆಕೆಂಡಿಗೊಮ್ಮೆ ಫೋನಿನಲ್ಲೇ ಹುಟ್ಟುತ್ತದೆ, ಮೇಲ್‌ಗೆ ಹೋಗುವುದಿಲ್ಲ. ಫೋನ್ ಕಳೆದರೆ ಬೇಕಾಗುವ, R ಅಕ್ಷರದಿಂದ ಶುರುವಾಗುವ ರಿಕವರಿ ಕೋಡನ್ನು ಕಾಗದದಲ್ಲಿ ಬರೆಸಿ ಅಕ್ಕನ ಬೀರುವಿನಲ್ಲಿ ಇಡಿಸಿದೆ. ಅದನ್ನೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಫೋನಿನ ಜೊತೆ ಅದೂ ಹೋಯಿತು.

ನಕಲಿ ಪುಟದಲ್ಲಿ ಆ ಐದಕ್ಷರದ ಕೋಡನ್ನೂ ಟೈಪ್ ಮಾಡಿದರೆ ಅಥೆಂಟಿಕೇಟರ್ ಏನೂ ಮಾಡಲಾರದು. ಪುಟದೊಳಗೇ ಲಾಗಿನ್ ಕಿಟಕಿ ತೆರೆದುಕೊಂಡರೆ ಅದನ್ನು ಹಿಡಿದು ಬ್ರೌಸರಿನ ಅಂಚು ದಾಟಿಸಿ ಎಳೆದು ನೋಡಿ. ಅಂಚಿಗೇ ನಿಂತರೆ ಅದು ಬರೀ ಚಿತ್ರ. ವಿಳಾಸ, ಬೀಗದ ಗುರುತು ಎಲ್ಲ ಬಿಡಿಸಿಟ್ಟದ್ದು.

"ಟ್ರೇಡ್ 15 ದಿನ ತಡ ಅಂತಿದೆಯಲ್ಲ ಮಾವ" ಅಂತ ಅವನ ತಕರಾರು. ಅಥೆಂಟಿಕೇಟರ್ ಹಾಕಿ ಏಳು ದಿನ ತುಂಬುವವರೆಗೆ ಮಾಡುವ ಟ್ರೇಡ್‌ಗಳಿಗೆ ಆ ತಡೆ ಇರುತ್ತದೆ. ತಡೆಯಲ್ಲಿರುವ ಟ್ರೇಡನ್ನು ರದ್ದು ಮಾಡಬಹುದು, ಹಾಗಾಗಿ ಅವನು ಸ್ಕಿನ್ ಕಳಿಸುವುದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡ.