ಸೆರಗು ಕ್ಯಾಮೆರಾದ್ದು, ಜೋಡಿ ಎಐದು: ನನ್ನ ಇಳಕಲ್ ಸೀರೆ ಅನುಭವ

ಬಾಗಲಕೋಟೆಯಲ್ಲಿ ಸಣ್ಣ ಬಟ್ಟೆ ಅಂಗಡಿಯವರಿಗೆ ಒಂದು ತರಬೇತಿ ಇತ್ತು. ಮಾತಾಡಲು ನನ್ನನ್ನು ಕರೆದಿದ್ದರು. ‘ಎಐ ಚಿತ್ರ ತೋರಿಸಿ ಇಳಕಲ್ ಸೀರೆ ಮಾರ್ತೀಯೇನು?’ ಎಂದು ನಕ್ಕವರೇ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಹಬ್ಬದ ಮುಂಚೆ ಒಂದು ಶೂಟ್ ಮಾಡಿಸಿದರೆ ಫೋಟೋಗ್ರಾಫರ್, ಉಡುವ ಹುಡುಗಿ, ಮೇಕಪ್, ಊಟ ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಗುತ್ತಿತ್ತು. ಇಡೀ ದಿನ ಕೂತರೂ ಇಪ್ಪತ್ತೈದು ಸೀರೆ ಮುಗಿದರೆ ಹೆಚ್ಚು. ಒಂದೊಂದಕ್ಕೂ ನಿರಿಗೆ ಹಿಡಿಯುವುದರಲ್ಲೇ ಹೊತ್ತು ಹೋಗುತ್ತದೆ, ಅಲ್ವಾ? ಫೋಟೋ ಕೈಗೆ ಬರುವಷ್ಟರಲ್ಲಿ ಅರ್ಧ ಮಾಲು ಖಾಲಿ.

ಹಾಗಾಗಿ ಸೀರೆ ಉಡಿಸಿ ತೋರಿಸುವ ಎಐ ಆ್ಯಪ್‌ಗಳಿಗೆ ಕೈ ಹಾಕಿದೆ. ಮೊದಲ ಸೀರೆ ನೀಲಿ ಒಡಲಿನದು, ಗೋಮಿ ವಿನ್ಯಾಸದ ದಡಿ, ಟೋಪ ತೆನಿ ವಿನ್ಯಾಸದ ಸೆರಗು. ಚಿತ್ರ ಬಂತು, ನೋಡಲು ಬಲು ಚೆಂದ. ಹಿಗ್ಗಿಸಿ ನೋಡಿದರೆ ಸೆರಗೇ ಬೇರೆ! ನಮ್ಮ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ ಇರಬೇಕು. ಅದರಲ್ಲಿ ಬಿಳಿ ಒಂದೇ ಇತ್ತು. ತೆನಿಯ ಹಲ್ಲುಗಳು ಕರಗಿ ಹೂವಿನ ಬಳ್ಳಿ ಆಗಿದ್ದವು. ದಡಿಯ ಗೆರೆಗಳು ನಿರಿಗೆಯ ಹತ್ತಿರ ಒಂದಕ್ಕೊಂದು ಸೇರಿಕೊಂಡಿದ್ದವು.

ಕಾರಣ ಸರಳ. ಆ್ಯಪ್ ನಮ್ಮ ಫೋಟೋವನ್ನು ಕುಗ್ಗಿಸಿ ಓದುತ್ತದೆ. ಸಣ್ಣ ನೇಯ್ಗೆ ಅಲ್ಲೇ ಕಳೆದುಹೋಗುತ್ತದೆ. ಆಮೇಲೆ ಖಾಲಿ ಜಾಗವನ್ನು ತನಗೆ ತೋಚಿದ್ದರಿಂದ ತುಂಬುತ್ತದೆ. ಟೀಶರ್ಟಿಗೆ ಇದು ನಡೆದೀತು, ಸೆರಗಿಗೆ ನಡೆಯುವುದಿಲ್ಲ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸಿದ್ದಾರೋ ಇಲ್ಲವೋ ಅಂತ ತಿರುವಿ ನೋಡಿ ಕೊಳ್ಳುವ ಗಿರಾಕಿ ನಮ್ಮವರು.

ಅದಕ್ಕಿಂತ ಕೆಟ್ಟದ್ದು ಹೊಳಪು. ಹತ್ತಿ ಒಡಲು ಹಾಕಿದರೂ ಅದು ರೇಷ್ಮೆಯಂತೆ ಮಿನುಗಿಸಿ ಕೊಡುತ್ತದೆ. ಕೆಲವರಿಗೆ ಇದೇ ಇಷ್ಟ. ‘ಅಣ್ಣಾರ, ಚಂದ ಕಂಡ್ರ ಮಾರಾಟ ಆಗ್ತದಲ್ರಿ’ ಎಂದರು ತರಬೇತಿಯಲ್ಲಿ ಒಬ್ಬರು. ಆಗ್ತದೆ. ವಾರದೊಳಗೆ ವಾಪಸ್ಸೂ ಬರ್ತದೆ, ಎರಡೂ ಕಡೆಯ ಕೊರಿಯರ್ ಖರ್ಚು ನಮ್ಮ ತಲೆಗೆ. ಶುರುವಿನಲ್ಲಿ ಅಂಥ ಐದಾರು ಸೀರೆ ನನಗೇ ವಾಪಸ್ ಬಂದಿದ್ದವು.

ಈಗ ನನ್ನ ಪದ್ಧತಿ ಇಷ್ಟು. ಗಿರಾಕಿ ಯಾವುದಕ್ಕೆ ದುಡ್ಡು ಕೊಡುತ್ತಾಳೋ ಅದು ಕ್ಯಾಮೆರಾದ್ದೇ ಇರಬೇಕು. ಬೆಳಿಗ್ಗೆ ಬಿಸಿಲು ನೇರ ಬೀಳದ ಪಡಸಾಲೆಯಲ್ಲಿ ಚಾಪೆ ಹಾಸಿ, ಸೀರೆ ಬಿಡಿಸಿ, ಪಕ್ಕಕ್ಕೆ ಒಂದು ಬಿಳಿ ಹಾಳೆ ಇಡುತ್ತೇನೆ. ಫೋಟೋದಲ್ಲಿ ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಸುಳ್ಳು ಎಂದು ಗೊತ್ತಾಗುತ್ತದೆ. ಪೂರ್ತಿ ಸೆರಗು ಒಂದು, ದಡಿ ಹತ್ತಿರದಿಂದ ಒಂದು, ಒಡಲು ಕೈಯಲ್ಲಿ ಹಿಡಿದು ಒಂದು. ಒಂದು ಸೀರೆಗೆ ನಾಲ್ಕೈದು ನಿಮಿಷ ಸಾಕು. ಸೆರಗಿನ ಕೆಂಪು ಮೊಬೈಲಿನಲ್ಲಿ ಉರಿಯದಂತೆ ಹಿಡಿಯಲು ಒಂದು ಉಪಾಯ ಇದೆ. ಅದನ್ನು ತರಬೇತಿಯಲ್ಲೂ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ.

ಎಐ ಚಿತ್ರಕ್ಕೆ ಕೆಲಸ ಒಂದೇ: ಈ ಸೀರೆಗೆ ಈ ಕುಪ್ಪಸದ ಬಣ್ಣ ಹೇಗೆ ಕೂರುತ್ತದೆ ಎಂದು ತೋರಿಸುವುದು. ಅದು ಯಾವಾಗಲೂ ಕೊನೆಯ ಚಿತ್ರ. ಅದರ ಮೇಲೇ ದಪ್ಪಗೆ ಬರೆಯುತ್ತೇನೆ: ‘ಇದು ಎಐ ಚಿತ್ರ. ಬಣ್ಣದ ಜೋಡಿಗೆ ಮಾತ್ರ. ಸೆರಗು, ದಡಿ ಮೊದಲ ಫೋಟೋಗಳಲ್ಲಿ ನೋಡಿ.’ ಕೆಳಗಿನ ವಿವರಣೆಯಲ್ಲಿ ಬರೆದರೆ ಪ್ರಯೋಜನವಿಲ್ಲ. ವಾಟ್ಸ್ಯಾಪಿನಲ್ಲಿ ಎಷ್ಟೋ ಸಲ ಚಿತ್ರ ಮಾತ್ರ ಮುಂದೆ ಹೋಗುತ್ತದೆ, ಬರಹ ಹಿಂದೆಯೇ ಉಳಿಯುತ್ತದೆ. ಕಳಿಸುವ ಮೊದಲು ಸೆರಗಿನ ಪಟ್ಟಿ ಎಣಿಸುತ್ತೇನೆ. ಮೂರು ಕೆಂಪು, ಎರಡು ಬಿಳಿ ಇಲ್ಲದಿದ್ದರೆ ಸೆರಗು ಕಾಣದಂತೆ ಕತ್ತರಿಸುತ್ತೇನೆ, ಇಲ್ಲವೇ ಅಳಿಸಿಬಿಡುತ್ತೇನೆ. ಹತ್ತರಲ್ಲಿ ಮೂರು ನಾಲ್ಕು ಹೀಗೇ ಹೋಗುತ್ತವೆ.

ಎಐ ಚಿತ್ರದಲ್ಲಿ ಇರುವುದು ನನ್ನ ತಮ್ಮನ ಹೆಂಡತಿ. ಒಮ್ಮೆ ಸಾದಾ ಸೀರೆ ಉಟ್ಟು ನಿಂತಳು, ಎಲ್ಲೆಲ್ಲಿ ಬಳಸುತ್ತೇನೆ ಎಂದು ಕಾಗದದಲ್ಲಿ ಬರೆದು ಸಹಿ ಮಾಡಿಸಿದ್ದೇನೆ. ಮನೆಯವಳಲ್ವಾ, ಕಾಗದ ಯಾಕೆ ಎಂದು ಕೆಲವರು ನಕ್ಕರು. ನಾಳೆ ಅವಳು ಬೇಡ ಅಂದರೆ ತೆಗೆಯಬೇಕಲ್ಲ? ಗಿರಾಕಿಯ ಸ್ವಂತ ಫೋಟೋ ಅವರು ತಾವಾಗಿ ಕೇಳದೆ ಆ್ಯಪ್‌ಗೆ ಹಾಕುವುದಿಲ್ಲ. ಹಾಕಿದರೂ ತೋರಿಸಿದ ಮೇಲೆ ಅವರ ಎದುರಿಗೇ ನನ್ನ ಮೊಬೈಲಿನಿಂದ, ಆ್ಯಪ್‌ನಿಂದ ಅಳಿಸುತ್ತೇನೆ.

ನಡುವೆ ಗುಳೇದಗುಡ್ಡದ ಖಣವನ್ನೂ ಹಾಕಿ ನೋಡಿದೆ. ಸಣ್ಣ ಬುಟ್ಟಾಗಳೆಲ್ಲ ಚುಕ್ಕಿಯಾಗಿ ಬಂದವು, ಬಿಟ್ಟುಬಿಟ್ಟೆ. ಕಚ್ಚೆ ಹಾಕುವ ಒಂಬತ್ತು ಗಜದ ಸೀರೆ ಕೊಟ್ಟರೆ ಲಂಗ ಮಾಡಿ ಕೊಟ್ಟಿತು! ಅಂಗಡಿಯ ಹುಡುಗರು ಅದನ್ನು ವಾರಗಟ್ಟಲೆ ತೋರಿಸಿ ನಗುತ್ತಿದ್ದರು. ಸಾದಾ ಕುರ್ತಾಗಳಲ್ಲಿ ಮಾತ್ರ ಚೆನ್ನಾಗಿ ಬರುತ್ತದೆ. ಆದರೆ ಅಳತೆ ಅದಕ್ಕೆ ತಿಳಿಯದು. ಎಲ್ ಸೈಜ್ ಕೊಟ್ಟರೂ ಎಕ್ಸ್ಎಲ್ ಕೊಟ್ಟರೂ ಮೈಗೆ ಒಂದೇ ತರ ಕೂರಿಸುತ್ತದೆ. ಎದೆ ಸುತ್ತಳತೆ, ಉದ್ದ ಟೇಪಿನಲ್ಲಿ ಅಳೆದು ಇಂಚಿನಲ್ಲಿ ಬರೆಯಲೇಬೇಕು.

ಈಗ ಆ್ಯಪ್‌ಗೆ ತಿಂಗಳಿಗೆ ಸಾವಿರದ ಐನೂರರ ಆಸುಪಾಸು ಖರ್ಚು. ಒಂದು ಬೆಳಿಗ್ಗೆ ಹದಿನೈದು ಸೀರೆ ಮುಗಿಯುತ್ತವೆ, ಮಧ್ಯಾಹ್ನಕ್ಕೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಇರುತ್ತವೆ. ‘ಚಿತ್ರದಲ್ಲಿ ಇದ್ದಂಗ ಇಲ್ಲ’ ಎಂದು ವಾಪಸ್ ಬರುವುದು ಹಬ್ಬದ ತಿಂಗಳಲ್ಲೂ ಒಂದೋ ಎರಡೋ. ಮದುವೆ ಜವಳಿಯ ರೇಷ್ಮೆ ಸೀರೆಗೆ ಮಾತ್ರ ಈಗಲೂ ವರ್ಷಕ್ಕೊಮ್ಮೆ ಫೋಟೋಗ್ರಾಫರನ್ನೇ ಕರೆಸುತ್ತೇನೆ.